ಮುಚ್ಚಿದ ಖಾತೆಗೆ ಹೋದ ಆದಾಯ ತೆರಿಗೆ ಮರುಪಾವತಿಯನ್ನು ಮರಳಿ ಪಡೆಯುವ ಕ್ರಮ

ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂಬುದು ರೈತರೆಲ್ಲರಿಗೂ ತಿಳಿದ ವಿಷಯ. ಹಾಗಿದ್ದರೂ ಅನೇಕ ರೈತರ ಹಣ ಪ್ರತಿ ವರ್ಷ ಆದಾಯ ತೆರಿಗೆ ಇಲಾಖೆಗೆ ಹೋಗಿ ಸೇರುತ್ತದೆ. ರಸ್ತೆಗೋ ಕಾಲುವೆಗೋ ಹೋದ ಜಮೀನಿನ ಪರಿಹಾರವನ್ನು, ಅಥವಾ ಒಂದು ಒಳ್ಳೆಯ ಫಸಲಿನ ಉಳಿತಾಯವನ್ನು ಬ್ಯಾಂಕಿನಲ್ಲಿ ಮುದ್ದತು ಠೇವಣಿಯಾಗಿ ಇಟ್ಟಾಗ, ಅದರ ಬಡ್ಡಿಯು ಒಂದು ಮಿತಿಯನ್ನು ದಾಟಿದರೆ ಬ್ಯಾಂಕು ಶೇಕಡ 10ರಷ್ಟನ್ನು ಮೂಲದಲ್ಲಿಯೇ ಕಡಿತ ಮಾಡಿ ಇಲಾಖೆಗೆ ಕಟ್ಟುತ್ತದೆ. ತೆರಿಗೆ ಕೊಡಬೇಕಾದಷ್ಟು ಆದಾಯ ಇಲ್ಲದವರು ರಿಟರ್ನ್ ಸಲ್ಲಿಸಿ ಈ ಹಣವನ್ನು ಹಿಂದಕ್ಕೆ ಪಡೆಯಬಹುದು. ಇದನ್ನೇ ಮರುಪಾವತಿ, ಅಂದರೆ ರೀಫಂಡ್ ಎನ್ನುತ್ತಾರೆ.

ಇಲ್ಲಿಯವರೆಗೆ ಹೆಚ್ಚಿನವರಿಗೆ ತೊಂದರೆ ಇರುವುದಿಲ್ಲ. ತೊಂದರೆ ಬರುವುದು ಇಲಾಖೆ ಹಣವನ್ನು ಕಳುಹಿಸಿದ ಮೇಲೆ. ಕಳುಹಿಸಿದ ಹಣ ಮುಚ್ಚಿಹೋದ ಖಾತೆಯನ್ನೋ ತಪ್ಪು ಸಂಖ್ಯೆಯನ್ನೋ ಹುಡುಕಿಕೊಂಡು ಹೋಗಿ, ಖಾತೆ ಸಿಗದೆ ಹಿಂತಿರುಗುತ್ತದೆ. ಹಿಂತಿರುಗಿದ ಹಣ ತಾನಾಗಿ ಮತ್ತೊಮ್ಮೆ ಬರುವುದಿಲ್ಲ. ಅದನ್ನು ಮರಳಿ ಕಳುಹಿಸಿರೆಂದು ನಾವೇ ಕೋರಬೇಕು. ಈ ಲೇಖಕನು ಬೇಸಾಯ ಶಾಸ್ತ್ರದ ಅಧ್ಯಾಪಕನೇ ಹೊರತು ತೆರಿಗೆ ತಜ್ಞನಲ್ಲ. ಆದರೆ ಊರು ಬದಲಾಯಿಸಿದಾಗ ಹಳೆಯ ಖಾತೆಯನ್ನು ಮುಚ್ಚಿ, ರಿಟರ್ನ್‌ನಲ್ಲಿ ಅದೇ ಸಂಖ್ಯೆಯನ್ನು ಉಳಿಸಿ, ತನ್ನ ಮರುಪಾವತಿಗಾಗಿ ಒಂದು ವರ್ಷ ಕಾಯ್ದ ಅನುಭವ ಇವನಿಗೂ ಉಂಟು. ಆ ನಂತರ ಕ್ಷೇತ್ರೋತ್ಸವಗಳಿಗೆ ಬರುವ ರೈತರು ಗೊಬ್ಬರದ ಪ್ರಶ್ನೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳತೊಡಗಿದ್ದರಿಂದ ವಿಷಯವನ್ನು ಇಲ್ಲಿ ಬರೆದಿದೆ.

ಒಬ್ಬ ರೈತರ ಉದಾಹರಣೆ

ತಿಪಟೂರು ಕಡೆಯ ತೆಂಗಿನ ತೋಟದ ರೈತರೊಬ್ಬರನ್ನು ತೆಗೆದುಕೊಳ್ಳೋಣ. ವಯಸ್ಸು 52. ರಸ್ತೆ ಅಗಲೀಕರಣಕ್ಕೆ ಹೋದ ಜಮೀನಿನ ಪರಿಹಾರದಲ್ಲಿ 9 ಲಕ್ಷ ರೂಪಾಯಿಗಳನ್ನು ಶೇಕಡ 7ರ ಬಡ್ಡಿಗೆ ಠೇವಣಿ ಇಟ್ಟಿದ್ದರು. 2023-24ನೇ ಸಾಲಿನಲ್ಲಿ ಬಡ್ಡಿ 63,000 ರೂಪಾಯಿ ಬಂತು. ಆ ವರ್ಷ 60 ವರ್ಷ ದಾಟದವರಿಗೆ ಕಡಿತದ ಮಿತಿ 40,000 ರೂಪಾಯಿ ಇದ್ದುದರಿಂದ ಬ್ಯಾಂಕು 6,300 ರೂಪಾಯಿ ಕಡಿತ ಮಾಡಿತು. (2025ರ ಏಪ್ರಿಲ್ 1ರಿಂದ ಈ ಮಿತಿಯನ್ನು 50,000 ರೂಪಾಯಿಗೆ, ಹಿರಿಯ ನಾಗರಿಕರಿಗೆ 1 ಲಕ್ಷ ರೂಪಾಯಿಗೆ ಏರಿಸಲಾಯಿತು.) ವರ್ಷದ ಆರಂಭದಲ್ಲಿಯೇ 15ಜಿ ನಮೂನೆಯನ್ನು ತುಂಬಿ ಕೊಟ್ಟಿದ್ದರೆ ಆ ವರ್ಷ ಕಡಿತವೇ ಆಗುತ್ತಿರಲಿಲ್ಲ. ಅದು ಅವರ ಗಮನಕ್ಕೆ ಬಂದಿರಲಿಲ್ಲ.

ತೆಂಗಿನ ಆದಾಯವನ್ನು ಬಿಟ್ಟರೆ ಅವರಿಗಿದ್ದ ಆದಾಯ ಈ ಬಡ್ಡಿಯೊಂದೇ. ಅದು ತೆರಿಗೆ ಮಿತಿಗಿಂತ ಬಹಳ ಕೆಳಗಿತ್ತು. ಆದ್ದರಿಂದ 6,300 ರೂಪಾಯಿಯೂ ಅವರಿಗೆ ಹಿಂದಕ್ಕೆ ಬರಬೇಕು. ತಾಲ್ಲೂಕು ಕೇಂದ್ರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ 2024ರ ಜುಲೈ ತಿಂಗಳಲ್ಲಿ ರಿಟರ್ನ್ ಸಲ್ಲಿಸಿದರು. ಬೇಸಾಯದ ಆದಾಯ 5,000 ರೂಪಾಯಿಗಿಂತ ಹೆಚ್ಚು ಇದ್ದವರು ಒಂದನೇ ನಮೂನೆಯ ರಿಟರ್ನ್ ಬಳಸುವಂತಿಲ್ಲ. ಆದ್ದರಿಂದ ಅಂಗಡಿಯವರು ಸರಿಯಾಗಿಯೇ ಎರಡನೇ ನಮೂನೆಯಲ್ಲಿ ತುಂಬಿದ್ದರು. ಸೆಪ್ಟೆಂಬರ್‌ನಲ್ಲಿ ರಿಟರ್ನ್ ಪರಿಶೀಲನೆಯಾಗಿ ಮರುಪಾವತಿ ಮಂಜೂರಾಯಿತು. ಸಕಾಲದಲ್ಲಿ ರಿಟರ್ನ್ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಶೇಕಡದಂತೆ ಬಡ್ಡಿ ಸೇರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳಿಗೆ ಶೇಕಡ 3, ಅಂದರೆ 189 ರೂಪಾಯಿ. ಒಟ್ಟು 6,489. ಇದನ್ನು ಹತ್ತರ ಗುಣಕಕ್ಕೆ ಸರಿಹೊಂದಿಸಿ 6,490 ರೂಪಾಯಿ ಎಂದು ಆದೇಶವಾಯಿತು.

ಹಣ ಮಾತ್ರ ಬರಲಿಲ್ಲ. ರಿಟರ್ನ್ ತುಂಬುವಾಗ ಹಿಂದಿನ ವರ್ಷದ ವಿವರಗಳು ತಾವಾಗಿಯೇ ಮೂಡಿಬಂದಿದ್ದವು. ಅದರಲ್ಲಿ ಖಾತೆಯ ಸಂಖ್ಯೆಯೂ ಇತ್ತು. ಆ ಖಾತೆಯನ್ನು ರೈತರು 2023ರ ಡಿಸೆಂಬರ್‌ನಲ್ಲಿಯೇ ಮುಚ್ಚಿಸಿ, ಊರಿಗೆ ಹತ್ತಿರದ ಇನ್ನೊಂದು ಬ್ಯಾಂಕಿಗೆ ಬಂದಿದ್ದರು. ಅಂಗಡಿಯವರು ಕೇಳಲಿಲ್ಲ, ಇವರು ಹೇಳಲಿಲ್ಲ. ಹಣ ಹಿಂತಿರುಗಿದ ಸುದ್ದಿ ಇವರಿಗೆ ತಲುಪಲೂ ಇಲ್ಲ. ಏಕೆಂದರೆ ನೋಂದಣಿಯ ಸಮಯದಲ್ಲಿ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಎರಡೂ ಅಂಗಡಿಯವರದೇ ಆಗಿದ್ದವು. ಮರುವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಬಂದ ಮಗಳು ವಿಚಾರಿಸಿದಾಗಲೇ ವಿಷಯ ಹೊರಬಿದ್ದದ್ದು.

ಹಣ ಬಾರದಿರಲು ಕಾರಣ ಯಾವುದು ಎಂದು ಮೊದಲು ತಿಳಿಯಬೇಕು

ತೆಂಗಿನ ಗರಿ ಹಳದಿಯಾದಾಗ ಸಾರಜನಕದ ಕೊರತೆಯೋ, ಬುಡದಲ್ಲಿ ನೀರು ನಿಂತಿದೆಯೋ ಎಂದು ನೋಡದೆ ಯೂರಿಯ ಹಾಕುವವರಿದ್ದಾರೆ. ಮರುಪಾವತಿಯ ವಿಷಯದಲ್ಲಿಯೂ ಹಾಗೆಯೇ ಆಗುತ್ತದೆ. ಹಣ ಬಂದಿಲ್ಲ ಎಂದ ಕೂಡಲೇ ಖಾತೆ ಬದಲಾಯಿಸಲು ಹೊರಡುತ್ತಾರೆ. ಖಾತೆಯ ದೋಷ ಕಾರಣಗಳಲ್ಲಿ ಒಂದು ಮಾತ್ರ.

ಇದನ್ನು ನೋಡಲು ಇಲಾಖೆಯ www.incometax.gov.in ಎಂಬ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಮತ್ತು ಗುಪ್ತಪದ ಕೊಟ್ಟು ಒಳಗೆ ಹೋಗಬೇಕು. e-File ಎಂಬಲ್ಲಿ Income Tax Returns, ಅದರೊಳಗೆ View Filed Returns ಎಂಬುದನ್ನು ತೆರೆದರೆ ಪ್ರತಿ ವರ್ಷದ ರಿಟರ್ನ್‌ನ ಸ್ಥಿತಿ ಹಂತ ಹಂತವಾಗಿ ಕಾಣುತ್ತದೆ. ಇಲ್ಲಿ ವರ್ಷದ ಬಗ್ಗೆ ಗೊಂದಲ ಮಾಡಿಕೊಳ್ಳಬಾರದು. 2023-24ರಲ್ಲಿ ಬಂದ ಆದಾಯದ ರಿಟರ್ನ್ 2024-25ನೇ ನಿರ್ಧಾರಣಾ ವರ್ಷದ ಹೆಸರಿನಲ್ಲಿರುತ್ತದೆ.

ರಿಟರ್ನ್ ಸಲ್ಲಿಕೆಯಾಗಿದ್ದರೂ ಅದನ್ನು 30 ದಿನಗಳೊಳಗೆ ದೃಢೀಕರಿಸದಿದ್ದರೆ ಇಲಾಖೆ ಅದನ್ನು ಪರಿಶೀಲನೆಗೇ ತೆಗೆದುಕೊಂಡಿರುವುದಿಲ್ಲ. ಅಲ್ಲಿ ಖಾತೆಯ ತಪ್ಪಿಲ್ಲ. ಪರಿಶೀಲನೆ ನಡೆಯುತ್ತಿದೆ ಎಂದಿದ್ದರೆ ಕಾಯಬೇಕು, ಅಷ್ಟೆ. ಹಿಂದಿನ ಯಾವುದೋ ವರ್ಷದ ಬಾಕಿಗೆ ಮರುಪಾವತಿಯನ್ನು ಹೊಂದಿಸಿಕೊಂಡಿದ್ದರೆ ಅದನ್ನು ಇಲಾಖೆ ತಿಳಿಸಿರುತ್ತದೆ. ಆಗ ವಾದಿಸಬೇಕಾದುದು ಆ ಬಾಕಿಯ ಬಗ್ಗೆ. ಮರುಪಾವತಿ ವಿಫಲವಾಗಿದೆ, ಅಂದರೆ Refund Failed ಎಂಬ ಅರ್ಥದ ಮಾತು ಇದ್ದರೆ ಮಾತ್ರ ಈ ಲೇಖನದಲ್ಲಿ ಹೇಳುವ ಕ್ರಮ ಅನ್ವಯಿಸುತ್ತದೆ. ವಿಫಲವಾಗದ ಹೊರತು ಮರು ಬಿಡುಗಡೆಯ ಕೋರಿಕೆ ಸಲ್ಲಿಸಲು ಜಾಲತಾಣ ಅವಕಾಶವನ್ನೇ ಕೊಡುವುದಿಲ್ಲ.

ಇನ್ನೊಂದು ಸಂದರ್ಭ ಇದೆ. ಹಣ ಪಾವತಿಯಾಗಿದೆ ಎಂದು ಇಲಾಖೆ ಹೇಳುತ್ತದೆ, ನಮ್ಮ ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲ. ಇಂಥವರಲ್ಲಿ ಹಲವರ ಹಣ ಅವರದೇ ಇನ್ನೊಂದು ಖಾತೆಯಲ್ಲಿ ಸಿಗುತ್ತದೆ. ಬೆಳೆ ವಿಮೆಗೆಂದೋ ವಿದ್ಯಾರ್ಥಿವೇತನಕ್ಕೆಂದೋ ತೆರೆದು ಮರೆತ ಖಾತೆ ಅದಾಗಿರುತ್ತದೆ. ರಿಟರ್ನ್‌ನಲ್ಲಿ ಗುರುತು ಮಾಡಿದ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಂಡು ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ಕುಗಳನ್ನೂ ನೋಡಬೇಕು. ಎಲ್ಲಿಯೂ ಸಿಗದಿದ್ದರೆ ಮರು ಬಿಡುಗಡೆಯ ಕೋರಿಕೆ ಇದಕ್ಕೆ ನಡೆಯುವುದಿಲ್ಲ. ಬ್ಯಾಂಕಿನಿಂದ ಆ ಅವಧಿಯ ಖಾತೆ ವಿವರ ಪಡೆದು, ಜಾಲತಾಣದ Grievances ಎಂಬ ಭಾಗದಲ್ಲಿ ದೂರು ದಾಖಲಿಸಬೇಕು.

ಹಣ ಆಧಾರ್ ಹಿಂದೆ ಬರುವುದಿಲ್ಲ

ರೈತರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಪಿಎಂ ಕಿಸಾನ್ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಒಂದು ಖಾತೆ ಮುಚ್ಚಿ ಇನ್ನೊಂದಕ್ಕೆ ಆಧಾರ್ ಜೋಡಣೆ ಮಾಡಿಸಿದರೆ ಮುಂದಿನ ಕಂತು ಹೊಸ ಖಾತೆಗೆ ಬಂದುಬಿಡುತ್ತದೆ. ಈ ಅನುಭವದಿಂದ, ತೆರಿಗೆ ಮರುಪಾವತಿಯೂ ಆಧಾರ್ ಇರುವ ಕಡೆ ತಾನಾಗಿ ಬರುತ್ತದೆ ಎಂದು ತಿಳಿಯುತ್ತಾರೆ. ನಮ್ಮ ತಿಪಟೂರಿನ ರೈತರೂ ಹಾಗೆಯೇ ತಿಳಿದಿದ್ದರು.

ಮರುಪಾವತಿಯ ದಾರಿ ಬೇರೆ. ಅದು ಹೋಗುವುದು ಖಾತೆ ಸಂಖ್ಯೆ ಮತ್ತು ಶಾಖೆಯ ಐಎಫ್‌ಎಸ್‌ಸಿ ಸಂಕೇತದ ಮೇಲೆ. ಆ ಖಾತೆ ನಿಮ್ಮದೇ ಎಂಬುದಕ್ಕೆ ಸಾಕ್ಷಿ ಪ್ಯಾನ್. 2019ರ ಮಾರ್ಚ್ 1ರಿಂದ ಇಲಾಖೆಯು ಚೆಕ್ಕಿನ ಮೂಲಕ ಮರುಪಾವತಿ ಕಳುಹಿಸುವುದನ್ನು ನಿಲ್ಲಿಸಿ, ಪ್ಯಾನ್ ಜೋಡಣೆಯಾದ ಖಾತೆಗಳಿಗೆ ಮಾತ್ರ ನೇರವಾಗಿ ಜಮಾ ಮಾಡುವ ಕ್ರಮಕ್ಕೆ ಬಂದಿತು. ಆದ್ದರಿಂದ ಖಾತೆಯನ್ನು ಮೊದಲು ಜಾಲತಾಣದಲ್ಲಿ ಸೇರಿಸಿ, ಇದು ಈ ಪ್ಯಾನ್‌ದಾರರ ಖಾತೆಯೇ ಎಂದು ಬ್ಯಾಂಕಿನಿಂದ ಒಪ್ಪಿಗೆ ಪಡೆಯಬೇಕಾಗುತ್ತದೆ. ಇದಕ್ಕೆ ಖಾತೆಯ ಮುನ್‌ದೃಢೀಕರಣ ಎನ್ನಬಹುದು. ಇಷ್ಟನ್ನು ಅರಿತರೆ ಮುಂದಿನ ಹಂತಗಳು ತಾವೇ ಅರ್ಥವಾಗುತ್ತವೆ.

ಪ್ಯಾನ್ ಕೂಡ ಚಾಲ್ತಿಯಲ್ಲಿರಬೇಕು. ಜೋಡಣೆ ಕಡ್ಡಾಯವಾಗಿದ್ದರೂ ಆಧಾರ್‌ನೊಂದಿಗೆ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾದವು. ಅಂಥ ಪ್ಯಾನ್‌ಗೆ ಮರುಪಾವತಿ ಬಿಡುಗಡೆಯಾಗುವುದಿಲ್ಲ. 80 ವರ್ಷ ದಾಟಿದವರಿಗೆ ಈ ಜೋಡಣೆಯಿಂದ ವಿನಾಯಿತಿ ಇದೆ.

ಮೊದಲ ಕೆಲಸ: ಖಾತೆಯನ್ನು ಸಿದ್ಧಗೊಳಿಸುವುದು

ಕೋರಿಕೆ ಸಲ್ಲಿಸುವ ಮೊದಲು ಖಾತೆ ಸಿದ್ಧವಾಗಬೇಕು. ನಿಜವಾದ ಶ್ರಮ ಇರುವುದು ಇಲ್ಲಿಯೇ. ನಂತರದ ಕೋರಿಕೆ ಕಾಲು ಗಂಟೆಯ ಕೆಲಸ.

ಈ ರೈತರಿಗೆ ಗುಪ್ತಪದವೇ ಗೊತ್ತಿರಲಿಲ್ಲ. ಅಂಗಡಿಯವರ ಮೊಬೈಲಿಗೆ ಹೋಗುವ ಸಂಕೇತಕ್ಕಾಗಿ ಕಾಯುವ ಬದಲು, ಗುಪ್ತಪದ ಮರೆತವರಿಗಾಗಿ ಇರುವ Forgot Password ಎಂಬಲ್ಲಿ ಆಧಾರ್ ಓಟಿಪಿ ಆರಿಸಿ ಹೊಸ ಗುಪ್ತಪದ ಮಾಡಿಕೊಂಡರು. ಆಧಾರ್‌ಗೆ ಅವರದೇ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದುದರಿಂದ ಇದು ಸಾಧ್ಯವಾಯಿತು. ಒಳಗೆ ಹೋದ ಕೂಡಲೇ My Profile ಭಾಗದಲ್ಲಿ ತಮ್ಮ ಮೊಬೈಲ್ ಮತ್ತು ಮಗಳ ಇ-ಮೇಲನ್ನು ನಮೂದಿಸಿದರು. ಇನ್ನು ಮುಂದೆ ಇಲಾಖೆಯ ಸುದ್ದಿ ನೇರವಾಗಿ ಮನೆಗೇ ಬರುತ್ತದೆ.

ನಂತರ ಅದೇ My Profile ಭಾಗದ My Bank Account ಎಂಬುದನ್ನು ತೆರೆದು, Add Bank Account ಎಂಬಲ್ಲಿ ಹೊಸ ಖಾತೆಯ ಸಂಖ್ಯೆ, ಖಾತೆಯ ಬಗೆ ಮತ್ತು ಐಎಫ್‌ಎಸ್‌ಸಿ ಸಂಕೇತವನ್ನು ತುಂಬಿ ಕಳುಹಿಸಿದರು. ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಅಕ್ಷರಗಳಿದ್ದು, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ತಿಳಿದು ಒತ್ತುವುದು ಪದೇ ಪದೇ ಕಾಣುವ ತಪ್ಪು. ಖಾತೆ ಸಂಖ್ಯೆಯನ್ನು ನೆನಪಿನಿಂದ ತುಂಬದೆ ಪಾಸ್‌ಬುಕ್ಕನ್ನು ಎದುರಿಗಿಟ್ಟುಕೊಂಡು, ಒಬ್ಬರು ಓದಿ ಇನ್ನೊಬ್ಬರು ಒತ್ತುವುದು ಒಳ್ಳೆಯದು.

ಕೋರಿಕೆ ಬ್ಯಾಂಕಿಗೆ ಹೋಗಿ ಉತ್ತರ ಬರಲು 10ರಿಂದ 12 ಕೆಲಸದ ದಿನಗಳು ಹಿಡಿಯಬಹುದು. ಎಷ್ಟೋ ಸಲ ಬೇಗನೆ ಬರುತ್ತದೆ. ಇವರಿಗೆ ಎರಡೇ ದಿನದಲ್ಲಿ ಬಂತು, ಆದರೆ ದೃಢೀಕರಣ ವಿಫಲ ಎಂದು ಬಂತು. ಕಾರಣ ಹೆಸರಿನ ವ್ಯತ್ಯಾಸ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರೂ ಊರಿನ ಹೆಸರೂ ಪೂರ್ತಿ ಬಿಡಿಸಿ ಬರೆದಿದ್ದವು. ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇತ್ತು. ನಮ್ಮ ಕಡೆಯ ಹೆಸರುಗಳಿಗೆ ಇದು ಸಾಮಾನ್ಯ. ಅಪ್ಪ, ಗೌಡ, ಸ್ವಾಮಿ ಎಂಬವು ಒಂದು ದಾಖಲೆಯಲ್ಲಿ ಅಂಟಿಕೊಂಡು, ಇನ್ನೊಂದರಲ್ಲಿ ಬಿಡಿಯಾಗಿ, ಮತ್ತೊಂದರಲ್ಲಿ ಇಲ್ಲದೆಯೇ ಇರುತ್ತವೆ.

ಹೆಸರು ಹೊಂದದಿದ್ದಾಗ ಯಾವುದನ್ನು ತಿದ್ದಿಸಬೇಕು? ಪ್ಯಾನ್ ಮತ್ತು ಆಧಾರ್ ಎರಡರಲ್ಲಿಯೂ ಹೆಸರು ಒಂದೇ ರೀತಿ ಇದ್ದರೆ ಬ್ಯಾಂಕಿನ ದಾಖಲೆಯನ್ನು ತಿದ್ದಿಸುವುದು ಸುಲಭ. ಪ್ಯಾನ್ ತಿದ್ದಿಸಲು ಹೊರಟರೆ ಅದು ಆಧಾರ್‌ಗೆ ಹೊಂದುತ್ತದೆಯೇ, ಜೋಡಣೆಗೆ ತೊಂದರೆಯಾಗುತ್ತದೆಯೇ ಎಂದು ಇನ್ನೊಂದು ಸುತ್ತು ಹತ್ತಿಕೊಳ್ಳುತ್ತದೆ. ಈ ರೈತರು ಪ್ಯಾನ್ ಮತ್ತು ಆಧಾರ್ ಪ್ರತಿಗಳೊಂದಿಗೆ ಶಾಖೆಗೆ ಹೋಗಿ, ಹೆಸರನ್ನು ಪ್ಯಾನ್‌ನಲ್ಲಿರುವಂತೆ ದಾಖಲಿಸಬೇಕೆಂದೂ ಪ್ಯಾನ್ ಸಂಖ್ಯೆಯನ್ನು ಖಾತೆಗೆ ಸೇರಿಸಬೇಕೆಂದೂ ಅರ್ಜಿ ಕೊಟ್ಟರು. ಪ್ಯಾನ್ ಪ್ರತಿಯನ್ನು ಖಾತೆ ತೆರೆಯುವಾಗಲೇ ಕೊಟ್ಟಿದ್ದೇನೆ ಎಂದು ಸುಮ್ಮನಿರಬಾರದು. ಪ್ರತಿ ಕಡತದಲ್ಲಿರುತ್ತದೆ, ಸಂಖ್ಯೆ ಕಂಪ್ಯೂಟರಿಗೆ ಏರಿರುವುದಿಲ್ಲ. ಶಾಖೆಯವರು ಪರದೆಯ ಮೇಲೆ ನೋಡಿ ಹೇಳಲಿ ಎಂದು ವಿನಯದಿಂದ ಕೇಳಬೇಕು. ವಾರದ ನಂತರ, ವಿಫಲವಾಗಿದ್ದ ಖಾತೆಯ ಎದುರಿಗಿದ್ದ ಮರುದೃಢೀಕರಣದ ಗುಂಡಿಯನ್ನು ಒತ್ತಿದಾಗ Validated ಎಂದು ಬಂತು.

ಅಲ್ಲಿಗೆ ಖಾತೆಯ ಕೆಲಸ ಮುಗಿಯಲಿಲ್ಲ. ಆ ಖಾತೆಯ ಎದುರಿಗೆ, ಮರುಪಾವತಿಗೆ ಇದನ್ನು ನೇಮಿಸಿದ್ದೇನೆ ಎಂಬ ಅರ್ಥದ Nominate for Refund ಎಂಬ ಗುಂಡಿ ಇರುತ್ತದೆ. ಅದನ್ನು ಚಾಲೂ ಮಾಡಬೇಕು. ಮುಚ್ಚಿದ ಹಳೆಯ ಖಾತೆ ಪಟ್ಟಿಯಲ್ಲಿ ಉಳಿದಿದ್ದರೆ ಅದರ ನೇಮಕವನ್ನು ತೆಗೆದು ಪಟ್ಟಿಯಿಂದಲೇ ತೆಗೆದುಹಾಕಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ರಿಟರ್ನ್‌ನಲ್ಲಿ ಅದೇ ಮತ್ತೆ ತಲೆಯೆತ್ತುತ್ತದೆ.

ಬ್ಯಾಂಕುಗಳು ಒಂದಾದಾಗ

ಖಾತೆಯನ್ನು ಮುಚ್ಚದೆಯೇ ಮರುಪಾವತಿ ಹಿಂತಿರುಗುವ ಸಂದರ್ಭಗಳೂ ಉಂಟು. ಕರ್ನಾಟಕದ ರೈತರು ತಲೆಮಾರುಗಳಿಂದ ವ್ಯವಹರಿಸುತ್ತಿದ್ದ ಬ್ಯಾಂಕುಗಳು ಒಂದೊಂದಾಗಿ ವಿಲೀನವಾಗಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದೇ ಆದವು.

ಇಂಥ ವಿಲೀನದ ನಂತರ ಶಾಖೆ ಅದೇ ಕಟ್ಟಡದಲ್ಲಿರುತ್ತದೆ, ಪರಿಚಯದ ಗುಮಾಸ್ತರೇ ಇರುತ್ತಾರೆ. ಆದರೆ ಐಎಫ್‌ಎಸ್‌ಸಿ ಸಂಕೇತ ಬದಲಾಗಿರುತ್ತದೆ. ಕೆಲವರ ಖಾತೆ ಸಂಖ್ಯೆಯೂ ಬದಲಾಗಿರುತ್ತದೆ. ಉದಾಹರಣೆಗೆ, ಸಿಂಡಿಕೇಟ್ ಬ್ಯಾಂಕಿನ SYNB ಎಂದು ಆರಂಭವಾಗುತ್ತಿದ್ದ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಈಗ ಅವು CNRB ಎಂದು ಆರಂಭವಾಗುತ್ತವೆ. ಹಳೆಯ ಪಾಸ್‌ಬುಕ್ಕನ್ನು ನೋಡಿ ತುಂಬಿದ ವಿವರ ಹೀಗೆ ಕೆಡುತ್ತದೆ. ಇದಕ್ಕೆ ಹೊಸ ಖಾತೆ ತೆರೆಯುವ ಅಗತ್ಯವಿಲ್ಲ. ಹೊಸ ಪಾಸ್‌ಬುಕ್ಕು ಅಥವಾ ಚೆಕ್ ಹಾಳೆಯ ಮೇಲಿನ ಸಂಕೇತವನ್ನು ಜಾಲತಾಣದಲ್ಲಿ ತುಂಬಿ ಮತ್ತೊಮ್ಮೆ ದೃಢೀಕರಿಸಿದರೆ ಸಾಕು.

ಎರಡು ವರ್ಷ ಯಾವ ವ್ಯವಹಾರವೂ ಇಲ್ಲದ ಉಳಿತಾಯ ಖಾತೆಯನ್ನು ಬ್ಯಾಂಕು ನಿಷ್ಕ್ರಿಯವೆಂದು ಬದಿಗಿಡುತ್ತದೆ. ಗುರುತಿನ ದಾಖಲೆ ನವೀಕರಿಸದ ಖಾತೆಗೂ ತಡೆ ಬೀಳಬಹುದು. ಇಂಥ ಖಾತೆಗಳನ್ನು ಮೊದಲು ಶಾಖೆಯಲ್ಲಿ ಚಾಲನೆಗೆ ತಂದುಕೊಳ್ಳಬೇಕು. ಸಾಲದ ಖಾತೆಯನ್ನು ಮರುಪಾವತಿಗೆ ಕೊಡಲು ಬರುವುದಿಲ್ಲ. ಊರಿನ ವ್ಯವಸಾಯ ಸೇವಾ ಸಹಕಾರ ಸಂಘದ ಉಳಿತಾಯ ಪುಸ್ತಕಕ್ಕೆ ಸಾಮಾನ್ಯವಾಗಿ ತನ್ನದೇ ಆದ ಐಎಫ್‌ಎಸ್‌ಸಿ ಸಂಕೇತ ಇರುವುದಿಲ್ಲವಾದ್ದರಿಂದ ಅದೂ ಇಲ್ಲಿ ನಡೆಯದು.

ಎರಡನೆಯ ಕೆಲಸ: ಮರು ಬಿಡುಗಡೆಯ ಕೋರಿಕೆ

ಖಾತೆ ಸಿದ್ಧವಾದ ಮೇಲೆ ಜಾಲತಾಣದ ಮೇಲ್ಭಾಗದ Services ಎಂಬಲ್ಲಿ Refund Reissue ಎಂಬುದನ್ನು ತೆರೆಯಬೇಕು. ಅಲ್ಲಿ Create Refund Reissue Request ಎಂಬುದನ್ನು ಒತ್ತಿದರೆ, ವಿಫಲವಾದ ಮರುಪಾವತಿಗಳು ವರ್ಷದೊಂದಿಗೆ ಕಾಣುತ್ತವೆ. ನಮ್ಮ ರೈತರಿಗೆ 2024-25ನೇ ನಿರ್ಧಾರಣಾ ವರ್ಷದ ಒಂದು ಸಾಲು ಮಾತ್ರ ಕಂಡಿತು. ಅದನ್ನು ಗುರುತು ಮಾಡಿ ಮುಂದುವರಿದಾಗ ಖಾತೆಗಳ ಪಟ್ಟಿ ಬಂತು. ಹೊಸದಾಗಿ ದೃಢೀಕರಣಗೊಂಡ ಖಾತೆಯನ್ನು ಆರಿಸಿದರು. ದೃಢೀಕರಣವಾಗದ ಖಾತೆಯನ್ನು ಆರಿಸಿದರೆ ಕೋರಿಕೆ ಮುಂದೆ ಸಾಗುವುದಿಲ್ಲ. ಖಾತೆಯ ಕೆಲಸ ಮೊದಲು ಮುಗಿಯಬೇಕು ಎಂದದ್ದು ಈ ಕಾರಣಕ್ಕೆ.

ಕೊನೆಗೆ ಕೋರಿಕೆಯನ್ನು ನೀವೇ ಸಲ್ಲಿಸುತ್ತಿದ್ದೀರಿ ಎಂಬುದಕ್ಕೆ ದೃಢೀಕರಣ ಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಆರು ಅಂಕಿಗಳ ಓಟಿಪಿಯನ್ನು ತುಂಬುವುದು ಎಲ್ಲಕ್ಕಿಂತ ಸರಳ. ಇದು ಮುಗಿದಾಗ ಒಂದು ವ್ಯವಹಾರ ಸಂಖ್ಯೆ ಮೂಡುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು. ಓಟಿಪಿ ತುಂಬುವ ಮೊದಲೇ ಎದ್ದುಬಂದು, ಅರ್ಜಿ ಹಾಕಿದ್ದೇನೆ ಎಂದು ತಿಂಗಳುಗಟ್ಟಲೆ ಕಾಯುವವರನ್ನು ಕಂಡಿದ್ದೇನೆ. ವ್ಯವಹಾರ ಸಂಖ್ಯೆ ಬಾರದಿದ್ದರೆ ಕೋರಿಕೆ ಸಲ್ಲಿಕೆಯಾಗಿಲ್ಲ ಎಂದೇ ತಿಳಿಯಬೇಕು. ಈ ಕೋರಿಕೆಗೆ ಇಲಾಖೆಯ ಶುಲ್ಕ ಯಾವುದೂ ಇಲ್ಲ. ಅಂಗಡಿಯವರು ತಮ್ಮ ಕೆಲಸದ ಕೂಲಿ ಕೇಳಿದರೆ ಅದು ಬೇರೆ ಮಾತು.

ಕೋರಿಕೆ ಏನಾಯಿತು ಎಂಬುದನ್ನು ಅದೇ Refund Reissue ಪುಟದಲ್ಲಿ ನೋಡುತ್ತಿರಬಹುದು. ಹಣ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಬರುತ್ತದೆ. ಈ ರೈತರು 2025ರ ಮಾರ್ಚ್ ಎರಡನೆಯ ವಾರದಲ್ಲಿ ಕೋರಿಕೆ ಸಲ್ಲಿಸಿದರು. ಏಪ್ರಿಲ್ ಮೊದಲ ವಾರದಲ್ಲಿ 6,490 ರೂಪಾಯಿ ಜಮಾ ಆಯಿತು. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಗೆ ಹೆಚ್ಚಿನ ಬಡ್ಡಿ ಬರಲಿಲ್ಲ. ತೆರಿಗೆದಾರನ ಕಾರಣದಿಂದ ಆದ ತಡಕ್ಕೆ ಇಲಾಖೆ ಬಡ್ಡಿ ಕೊಡಬೇಕಾಗಿಲ್ಲ. ಮರುಪಾವತಿಯಲ್ಲಿ ಸೇರಿ ಬಂದ 189 ರೂಪಾಯಿ ಬಡ್ಡಿ ಮಾತ್ರ ಆದಾಯವೇ ಆದ್ದರಿಂದ, ಮುಂದಿನ ರಿಟರ್ನ್‌ನಲ್ಲಿ ಅದನ್ನು ಇತರ ಆದಾಯವಾಗಿ ತೋರಿಸಬೇಕು. ಉಳಿದ 6,300 ರೂಪಾಯಿ ಅವರ ಹಣವೇ ಹಿಂದಕ್ಕೆ ಬಂದದ್ದು, ಅದನ್ನು ತೋರಿಸಬೇಕಾಗಿಲ್ಲ.

ಖಾತೆದಾರರೇ ತೀರಿಕೊಂಡಿದ್ದರೆ

ಮನೆಯ ಯಜಮಾನರು ರಿಟರ್ನ್ ಸಲ್ಲಿಸಿದ ನಂತರ ತೀರಿಕೊಂಡು, ಮನೆಯವರು ಅವರ ಖಾತೆಯನ್ನು ಮುಚ್ಚಿಸಿದ ಸಂದರ್ಭದಲ್ಲಿಯೂ ಮರುಪಾವತಿ ಹಿಂತಿರುಗುತ್ತದೆ. ತೀರಿಕೊಂಡವರ ಗುಪ್ತಪದವನ್ನು ಬಳಸಿ ಮಗನ ಖಾತೆಯನ್ನು ಸೇರಿಸಲು ಹೋದರೆ ಪ್ಯಾನ್ ಹೊಂದದೆ ದೃಢೀಕರಣ ವಿಫಲವಾಗುತ್ತದೆ. ವಾರಸುದಾರರು ತಮ್ಮದೇ ಪ್ಯಾನ್‌ನಿಂದ ಜಾಲತಾಣದೊಳಗೆ ಹೋಗಿ, ಮೃತರ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಮೃತರ ಪ್ಯಾನ್, ಮರಣ ಪ್ರಮಾಣಪತ್ರ ಮತ್ತು ವಾರಸುದಾರರೆಂಬುದಕ್ಕೆ ದಾಖಲೆ ಬೇಕಾಗುತ್ತವೆ. ಇಲಾಖೆ ಒಪ್ಪಿದ ಮೇಲೆ ಪ್ರತಿನಿಧಿಯಾಗಿ ಮುಂದುವರಿಯಬಹುದು. ಇದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಮರುಪಾವತಿ ಬರುವುದಿದೆ ಎಂದು ಗೊತ್ತಿದ್ದರೆ ಈ ನೋಂದಣಿಯನ್ನು ಬೇಗನೆ ಆರಂಭಿಸಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಮರುಪಾವತಿಯ ಕಾಲದಲ್ಲಿ ರೈತರ ಮೊಬೈಲುಗಳಿಗೆ, ‘ನಿಮ್ಮ ರೀಫಂಡ್ ತಡೆಹಿಡಿಯಲಾಗಿದೆ, ಖಾತೆ ತಿದ್ದಲು ಇಲ್ಲಿ ಒತ್ತಿ’ ಎಂಬ ಸಂದೇಶಗಳು ಬರುತ್ತವೆ. ನಿಜವಾಗಿಯೂ ಹಣ ಬಾರದೆ ಕಾಯುತ್ತಿರುವವರೇ ಇದಕ್ಕೆ ಮೊದಲು ಬಲಿಯಾಗುತ್ತಾರೆ. ಇಲಾಖೆಯು ಎಟಿಎಂ ಕಾರ್ಡಿನ ಸಂಖ್ಯೆಯನ್ನಾಗಲಿ, ಪಿನ್ ಸಂಖ್ಯೆಯನ್ನಾಗಲಿ ಯಾರಿಂದಲೂ ಕೇಳುವುದಿಲ್ಲ. ಸಂದೇಶದಲ್ಲಿರುವ ಕೊಂಡಿಯನ್ನು ಬಿಟ್ಟು, ಜಾಲತಾಣದ ವಿಳಾಸವನ್ನು ಕೈಯಾರೆ ಒತ್ತಿ ಒಳಗೆ ಹೋಗಬೇಕು. ಅಲ್ಲಿ ವಿಫಲ ಎಂದು ಕಂಡರೆ ಮಾತ್ರ ವಿಷಯ ನಿಜ. ವಿಚಾರಣೆಗೆ ಇಲಾಖೆಯ ಶುಲ್ಕರಹಿತ ದೂರವಾಣಿ 1800 103 0025 ಇದೆ. ಕರೆ ಮಾಡುವಾಗ ಪ್ಯಾನ್ ಸಂಖ್ಯೆ, ನಿರ್ಧಾರಣಾ ವರ್ಷ ಮತ್ತು ರಿಟರ್ನ್‌ನ ಸ್ವೀಕೃತಿ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡಿರಬೇಕು.

ರೈತರ ಪರವಾಗಿ ಕೋರಿಕೆ ತುಂಬಿಕೊಡುವ ಕಾರ್ಯಕರ್ತರು ತಮ್ಮ ಮೊಬೈಲ್ ಸಂಖ್ಯೆಯನ್ನು ಅವರ ಹೆಸರಿನಲ್ಲಿ ನಮೂದಿಸಬಾರದು. ವರ್ಗಾವಣೆಯಾಗಿ ಹೋದ ಮೇಲೆ ಆ ರೈತರ ಸುದ್ದಿಯೆಲ್ಲ ಬೇರೆ ಜಿಲ್ಲೆಗೆ ಹೋಗುತ್ತಿರುತ್ತದೆ. ಹೊಸ ಗುಪ್ತಪದವನ್ನು ಪಾಸ್‌ಬುಕ್ಕಿನ ಮೇಲೆ ಬರೆಯದೆ, ಮನೆಯಲ್ಲಿ ಜಮೀನಿನ ಕಾಗದಗಳಿಡುವ ಕಡೆ ಒಂದು ಚೀಟಿಯಲ್ಲಿ ಬರೆದಿಡಲು ತಿಳಿಸಿದರೆ ಮುಂದಿನ ಜುಲೈನಲ್ಲಿ ಅದು ಬೇಕಾದಾಗ ಸಿಗುತ್ತದೆ.